ಹಳೇ ಪದಗಳು, ಭಾಗ 4: ಕರೆನ್ಸಿ ಖಾಲಿ

ಹೋದ ವಾರ ಪಿಯುಸಿ ಓದ್ತಿರೋ ಚಿಕ್ಕಮ್ಮನ ಮಗಳಿಗೆ "ಫೋನಲ್ಲಿ ಕರೆನ್ಸಿ ಇದ್ಯೇನೇ?" ಅಂತ ಕೇಳ್ದೆ. "ಫೋನ್‌ಪೇಲಿ ಇದೆ ಅಕ್ಕ, ಎಷ್ಟು ಬೇಕು?" ಅಂದ್ಲು.

ಅವಳದ್ದೇನೂ ತಪ್ಪಿಲ್ಲ. ಕರೆನ್ಸಿ ಅಂದ್ರೆ ದುಡ್ಡೇ ತಾನೆ? ಆದ್ರೆ ನಾವು ಹೈಸ್ಕೂಲಲ್ಲಿದ್ದಾಗ, 2013-14ರ ಹೊತ್ತಿಗೆ, ನಮ್ಮೂರ ಕಡೆ ಕರೆನ್ಸಿ ಅಂದ್ರೆ ಒಂದೇ ಅರ್ಥ: ಪ್ರೀಪೇಯ್ಡ್ ಸಿಮ್ಮಲ್ಲಿ ಉಳಿದಿರೋ ರೂಪಾಯಿ. ಅಂಗಡಿಗೆ ಹೋಗಿ "ಅಣ್ಣಾ, ಹತ್ತು ರೂಪಾಯಿ ಕರೆನ್ಸಿ ಹಾಕಿ" ಅಂದ್ರೆ ಮುಗೀತು. ಟ್ಯಾಕ್ಸ್, ಅದೂ ಇದೂ ಕಳೆದು ಏಳು ರೂಪಾಯಿ ಚಿಲ್ಲರೆ ಬರೋದು. `*123#` ಒತ್ತಿ ಎಷ್ಟಿದೆ ಅಂತ ನೋಡೋದು. ಪ್ರತಿ ಕಾಲ್ ಮುಗಿದ ಮೇಲೂ ಇಷ್ಟು ಹೋಯ್ತು, ಇಷ್ಟು ಉಳೀತು ಅಂತ ಸ್ಕ್ರೀನ್ ಮೇಲೆ ಲೆಕ್ಕ ಬರೋದು. ಹಾಗಾಗಿ ಆ ಪದ ದಿನಕ್ಕೆ ಹತ್ತು ಸಲ ಬಾಯಿಗೆ ಬರ್ತಿತ್ತು. ಕರೆನ್ಸಿ ಇಲ್ಲ, ಕರೆನ್ಸಿ ಕಟ್ ಆಯ್ತು, ನನ್ ಕರೆನ್ಸಿ ಎಲ್ಲಾ ಖಾಲಿ ಮಾಡ್ಬಿಟ್ಟ.

ಇದರ ಜೊತೆಗೇ ಇದ್ದದ್ದು "ಮಿಸ್ಡ್ ಕಾಲ್ ಕೊಡು". 2003ರಿಂದ ಒಳಬರೋ ಕರೆಗೆ ದುಡ್ಡು ಕಟ್ಟೋದು ತಪ್ಪಿತ್ತು. ಹೊರಹೋಗೋ ಕರೆಗೂ ಆ ಕಡೆಯವರು ಎತ್ತಿದ ಮೇಲಷ್ಟೇ ಬಿಲ್ ಶುರು. ಅಂದ್ರೆ ರಿಂಗ್ ಫ್ರೀ! ಎರಡು ರಿಂಗ್ ಬಿಟ್ಟು ಕಟ್ ಮಾಡಿದ್ರೆ ಪೈಸೆ ಖರ್ಚಿಲ್ಲದೆ ಒಂದು ಮಾತು ತಲುಪ್ತಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಮಿಸ್ಡ್ ಕಾಲ್ ಅನ್ನೋ ಪದ ಈಗಲೂ ಇದೆ. ಆದ್ರೆ ಅದರ ಜೊತೆಗಿದ್ದ ಕ್ರಿಯಾಪದ ಹೋಗ್ಬಿಟ್ಟಿದೆ. ಆಗ ಮಿಸ್ಡ್ ಕಾಲ್ "ಕೊಡ್ತಿದ್ವಿ", "ಹೊಡೀತಿದ್ವಿ". ಬೇಕಂತಲೇ ಮಾಡೋ ಕೆಲಸ ಅದು. ಈಗ ಮಿಸ್ಡ್ ಕಾಲ್ "ಇರುತ್ತೆ" ಅಷ್ಟೇ. ಯಾರೋ ಮಾಡಿದ್ರು, ನಾವು ಎತ್ತಲಿಲ್ಲ. ಪದ ಪೂರ್ತಿ ಸತ್ರೆ ಕೇಳಿದವರಿಗೆ ಅರ್ಥ ಆಗಲ್ಲ, ಹಂಗಂದ್ರೆ ಏನು ಅಂತ ಕೇಳ್ತಾರೆ. ಅರ್ಧ ಸತ್ರೆ ಅರ್ಥ ಆಯ್ತು ಅಂದ್ಕೊಂಡು ಸುಮ್ನಾಗ್ತಾರೆ. ಅದೇ ಜಾಸ್ತಿ ಕಷ್ಟ.

ಕರೆನ್ಸಿಯನ್ನ ಯಾರೂ ಹಳೇ ಫ್ಯಾಷನ್ ಅಂತ ಬಿಡಲಿಲ್ಲ. 2016ರ ಸೆಪ್ಟೆಂಬರಲ್ಲಿ ಜಿಯೋ ಬಂತು, ಕಾಲ್ ಎಲ್ಲಾ ಫ್ರೀ ಆಯ್ತು, ಉಳಿದ ಕಂಪನಿಗಳೂ ಅನ್‌ಲಿಮಿಟೆಡ್ ಪ್ಯಾಕ್ ದಾರಿ ಹಿಡಿದ್ವು. 2018ರ ಕೊನೆಗೆ ಕೆಲವು ಕಂಪನಿಗಳು 28 ದಿನಕ್ಕೆ ಕನಿಷ್ಠ 35 ರೂಪಾಯಿ ಹಾಕಿಸ್ಲೇಬೇಕು, ಇಲ್ಲಾಂದ್ರೆ ಸಿಮ್ ಬಂದ್ ಅಂದ್ವು. ಮೊದಲು ಫೋನಲ್ಲಿ ಉಳೀತಿದ್ದದ್ದು ರೂಪಾಯಿ. ಈಗ ಉಳಿಯೋದು ದಿನ ಮತ್ತು ಜಿಬಿ. "ವ್ಯಾಲಿಡಿಟಿ ಮುಗೀತು", "ನೆಟ್ ಖಾಲಿ" ಅಂತೀವಿ. ಎಣಿಸೋ ವಸ್ತುವೇ ಹೋದ ಮೇಲೆ ಅದರ ಹೆಸರಿಗೆ ಏನು ಕೆಲಸ?

"ಬೊಂಬಾಟ್" ಕಥೆ ಬೇರೆ. ಚೆನ್ನಾಗಿರೋ ವಸ್ತುಗಳೇನೂ ಲೋಕದಿಂದ ಮಾಯ ಆಗಿಲ್ಲ. ಪದ ಮಾತ್ರ ಅಪ್ಪಂದಿರ ಬಾಯಿಗೆ, ಅಂಗಡಿ ಬೋರ್ಡಿಗೆ, 2008ರಲ್ಲಿ ಸಿನಿಮಾ ಟೈಟಲ್ಲಿಗೂ ಹೋಯ್ತು. ಎಲ್ಲರದ್ದೂ ಆದ ಮೇಲೆ ಹುಡುಗರಿಗೆ ಅದರಲ್ಲಿ ಮಜಾ ಉಳಿಯಲಿಲ್ಲ. ನಮ್ಮ ಬ್ಯಾಚಲ್ಲಿ ಯಾರಾದ್ರೂ ಬೊಂಬಾಟ್ ಅಂದ್ರೆ ಅದು ಅಂಕಲ್ ಮಿಮಿಕ್ರಿ. "ಮಗಾ", "ಗುರು" ಇನ್ನೂ ಓಡ್ತಿರೋದಕ್ಕೆ ಕಾರಣ, ಅವು ಏನನ್ನೂ ಹೊಗಳಲ್ಲ, ಬರೀ ಕರೆಯೋಕೆ ಇರೋ ಪದಗಳು ಅಂತ ನನ್ನ ಲೆಕ್ಕ. (ಒಪ್ಪದವರು ಜಗಳಕ್ಕೆ ಬರಬಹುದು.)

ಬೊಂಬಾಟ್ ಹೋದ್ರೆ ಯಾರಿಗೂ ನಷ್ಟ ಇಲ್ಲ. ಮಿಸ್ಡ್ ಕಾಲ್ ಹಾಗಲ್ಲ. ಅಮ್ಮನ ಫೋನಿಗೂ ನಾನೇ ಅನ್‌ಲಿಮಿಟೆಡ್ ಪ್ಯಾಕ್ ಹಾಕಿಸೋದು. ಆದ್ರೂ ಅವರು ಇವತ್ತಿಗೂ ಎರಡು ರಿಂಗ್ ಬಿಟ್ಟು ಕಟ್ ಮಾಡ್ತಾರೆ. ಹೋದ ಮಳೆಗಾಲದಲ್ಲಿ ತಿಪಟೂರಿಂದ ನಮ್ಮೂರಿಗೆ ಬರೋ ಕೊನೇ ಬಸ್ ಬರಲೇ ಇಲ್ಲ. ಬಸ್‌ಸ್ಟ್ಯಾಂಡಲ್ಲಿ ನಿಂತು ತಮ್ಮನಿಗೆ ಮಿಸ್ಡ್ ಕಾಲ್ ಕೊಟ್ಟಿದ್ದಾರೆ, ಒಂದಲ್ಲ, ಮೂರು. ಅವನು ನೋಡಿದ್ದಾನೆ. ಅವನ ಪ್ರಕಾರ ಮಿಸ್ಡ್ ಕಾಲ್ ಅಂದ್ರೆ "ಅರ್ಜೆಂಟ್ ಇದ್ರೆ ಮತ್ತೆ ಮಾಡ್ತಾರೆ". ಅಮ್ಮನ ಪ್ರಕಾರ "ನಾನು ಹೇಳಿದ್ದಾಯ್ತು, ಈಗ ನೀನು ಮಾಡು". ಒಂದೂವರೆ ಗಂಟೆ ಇಬ್ರೂ ಕಾದಿದ್ದಾರೆ! ಕೊನೆಗೆ ಪಕ್ಕದ ಮನೆಯವರ ಬೈಕಲ್ಲಿ ನೆನ್ಕೊಂಡು ಮನೆ ಸೇರಿದ್ರು.

"ಅಷ್ಟೊತ್ತು ನಿಂತಿದ್ಯಲ್ಲ, ಪೂರ್ತಿ ಕಾಲ್ ಮಾಡೋಕೇನಮ್ಮ?" ಅಂತ ತಮ್ಮ ರೇಗಿದ. "ಕೊಟ್ನಲ್ಲೋ!" ಅಂದ್ರು ಅಮ್ಮ.

ಈಗ ಅವನ ಫೋನಲ್ಲಿ ಅಮ್ಮನ ನಂಬರ್ ಹೀಗೆ ಸೇವ್ ಆಗಿದೆ: "ಅಮ್ಮ 1 ರಿಂಗ್ ತಲುಪಿದೆ, 2 ರಿಂಗ್ ನೀನು ಮಾಡು".

ಮುಂದಿನ ಭಾಗ: ಡಕೋಟಾ. ನಿಮ್ಮನೆ ಹಳೇ ಗಾಡಿ ಫೋಟೋ ಇದ್ರೆ ಕಳಿಸಿ.