159 ಪರ್ಸೆಂಟ್ ಲಾಭ ಯಾರ ಜೇಬಿಗೆ?

ಹರಿಹರದಲ್ಲಿ ನಮ್ಮದೊಂದು ಸಣ್ಣ ಓದುಗರ ಗುಂಪಿದೆ. ತಿಂಗಳಿಗೊಂದು ಭಾನುವಾರ ಎಂಟ್ಹತ್ತು ಜನ ಸೇರ್ತೀವಿ. ಇಬ್ಬರು ಮೇಷ್ಟ್ರು, ಒಬ್ಬ ಬ್ಯಾಂಕಿನವನು, ಉಳಿದವರೆಲ್ಲ ಹೆಚ್ಚುಕಮ್ಮಿ ಬೇಸಾಯದ ಮನೆಯವರು. ನಾನು ಬೆಂಗಳೂರಿಂದ ದಾವಣಗೆರೆಗೆ ಬಂದಿದ್ದರೆ ಬಸ್ ಹತ್ತಿ ಹೋಗ್ತೀನಿ, ಇಲ್ಲದಿದ್ದರೆ ಇಲ್ಲ. ಈ ಸಲ ಗುಂಪಿನ ಒಬ್ಬರು ಮೊಬೈಲಲ್ಲಿ ತೆಗೆದ ಒಂದು ಫೋಟೋ ಕಳಿಸಿ, "ಇದನ್ನ ಕನ್ನಡದಲ್ಲಿ ಬಿಡಿಸಿ ಹೇಳಪ್ಪ, ಜೊತೆಗೆ ಚರ್ಚೆಗೆ ಮೂರು ಪ್ರಶ್ನೆ ಬರ್ಕೊಂಡು ಬಾ" ಅಂದರು. ಒಂದು ಸಂಶೋಧನಾ ಪ್ರಬಂಧದ ಮೊದಲ ಪುಟ. ಅದರ ಸಾರಾಂಶದ ಭಾಗ ಮಾತ್ರ ಫೋಟೋದಲ್ಲಿತ್ತು, ಅದರಲ್ಲೂ ಕೊನೆಯ ಮೂರ್ನಾಲ್ಕು ಸಾಲಿನ ಮೇಲೆ ಹೆಬ್ಬೆರಳಿನ ನೆರಳು. ಕೆಳಗೆ ಅವರೇ ಬರೆದಿದ್ದ ಒಕ್ಕಣೆ: "ಆನ್‌ಲೈನ್ ಟೆಂಡರಿಂದ ರೈತರ ಲಾಭ 159 ಪರ್ಸೆಂಟ್ ಜಾಸ್ತಿ ಆಗಿದೆಯಂತೆ, ನಮಗ್ಯಾಕೆ ಕಾಣ್ಲಿಲ್ಲ?"

ಪ್ರಬಂಧ ಬಂದಿದ್ದು 2020ರಲ್ಲಿ, ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ. ಬರೆದವರು ರೆಟ್ಸೆಫ್ ಲೆವಿ, ಮನೋಜ್ ರಾಜನ್, ಸೌಮ್ಯ ಸಿಂಘ್ವಿ, ಯಾನ್‌ಚಾಂಗ್ ಝೆಂಗ್. ವಿಷಯ ನಮ್ಮದೇ: ಕರ್ನಾಟಕದ ಎಪಿಎಂಸಿಗಳಲ್ಲಿ 2014ರಿಂದ ಬಂದ ಏಕೀಕೃತ ಮಾರುಕಟ್ಟೆ ವೇದಿಕೆ, ಅಂದ್ರೆ ನಮ್ಮೂರವರ ಬಾಯಲ್ಲಿ "ಆನ್‌ಲೈನ್ ಟೆಂಡರ್". ಮೆಕ್ಕೆಜೋಳ ಮತ್ತು ಭತ್ತ ಎರಡೂ ಈ ಪ್ರಬಂಧದಲ್ಲಿವೆ. ದಾವಣಗೆರೆ ಸುತ್ತ ಮಳೆ ನಂಬಿದವರು ಮೆಕ್ಕೆಜೋಳ ಹಾಕ್ತಾರೆ, ಭದ್ರಾ ಚಾನೆಲ್ ನೀರು ಬರೋ ಹರಿಹರ, ಮಲೇಬೆನ್ನೂರು ಕಡೆ ಭತ್ತ. ಹಾಗಾಗಿ ಇದು ಯಾರದೋ ಊರಿನ ಲೆಕ್ಕ ಅಲ್ಲ.

ಮೊದಲು ಸಾರಾಂಶ ಹೇಳೋದೇನು ಅಂತ ನನ್ನ ಮಾತಲ್ಲಿ. 2019ರ ನವೆಂಬರ್ ಹೊತ್ತಿಗೆ ಈ ವೇದಿಕೆಯಲ್ಲಿ ಆರು ಕೋಟಿ ಇಪ್ಪತ್ತೆಂಟು ಲಕ್ಷ ಟನ್ ಮಾಲು ಮಾರಾಟವಾಗಿತ್ತು. ಅದು ಬಂದಿದ್ದರಿಂದ ಭತ್ತದ ಮಾದರಿ ಬೆಲೆ 5.1, ಶೇಂಗಾದ್ದು 3.6, ಮೆಕ್ಕೆಜೋಳದ್ದು 3.5 ಪರ್ಸೆಂಟ್ ಏರಿತು. ಒಳ್ಳೆ ಗುಣಮಟ್ಟದ ಮಾಲು ತಂದವರಿಗೆ ಇನ್ನೂ ಹೆಚ್ಚು ಅನುಕೂಲ ಆಯ್ತು. ರೈತರ ಲಾಭದ ಅಂಚು 4ರಿಂದ 9 ಪರ್ಸೆಂಟ್ ಅಷ್ಟೇ ಇರೋದ್ರಿಂದ ಲಾಭದಲ್ಲಿನ ಏರಿಕೆ 36ರಿಂದ 159 ಪರ್ಸೆಂಟ್ ಆಗುತ್ತೆ. ಇಲ್ಲಿಗೆ ಫೋಟೋ ಮುಗೀತು. ಹೆಬ್ಬೆರಳಿನ ಕೆಳಗೇನಿದೆ ಅಂತ ಮೂಲ ತೆಗೆದು ನೋಡಿದೆ. ಹತ್ತಿ, ಹೆಸರು, ತೊಗರಿ ಈ ಮೂರರ ಬೆಲೆ ಮೇಲೆ ಗಮನಾರ್ಹ ಪರಿಣಾಮ ಕಾಣಲಿಲ್ಲ ಅನ್ನೋ ಸಾಲು ಅಲ್ಲಿತ್ತು! ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಲೇ ಹೆಸರಾಗಿದ್ದ ಊರಿನವರ ಹೆಬ್ಬೆರಳು ಹತ್ತಿಯ ಸಾಲನ್ನೇ ಮುಚ್ಚಬೇಕೆ :)

ಈಗ ಆ ವ್ಯವಸ್ಥೆ ಹೇಗೆ ಕೆಲಸ ಮಾಡ್ತಿತ್ತು ಅನ್ನೋದು. ಮುಂಚೆ ರಾಶಿ ದಲಾಲಿ ಅಂಗಡಿ ಮುಂದೆ ಬಿದ್ದಿರ್ತಿತ್ತು, ಖರೀದಿದಾರರು ಬಂದು ಬಾಯಿ ಹರಾಜಿನಲ್ಲೋ ಚೀಟಿಯಲ್ಲೋ ದರ ಹೇಳ್ತಿದ್ದರು. ಹೊಸದರಲ್ಲಿ ಗೇಟಲ್ಲೇ ರೈತನ ಹೆಸರು, ಮಾಲು, ಚೀಲದ ಲೆಕ್ಕ ಕಂಪ್ಯೂಟರಿಗೆ ಹೋಗಿ ಒಂದು ಲಾಟ್ ನಂಬರ್ ಬರುತ್ತೆ. ಖರೀದಿದಾರರು ಮಾಲು ನೋಡಿ ತಮ್ಮ ದರವನ್ನ ಕಂಪ್ಯೂಟರಲ್ಲಿ ಹಾಕ್ತಾರೆ, ಒಬ್ಬರ ದರ ಇನ್ನೊಬ್ಬರಿಗೆ ಕಾಣಲ್ಲ. ಸಮಯ ಮುಗಿದ ಮೇಲೆ ಯಾರದು ಹೆಚ್ಚೋ ಅವರಿಗೆ ಲಾಟ್. ದರ ಒಪ್ಪಿಗೆ ಆಗಲಿಲ್ಲ ಅಂದ್ರೆ ರೈತ ಬೇಡ ಅನ್ನಬಹುದು. ಇನ್ನೊಂದು ಮುಖ್ಯ ಬದಲಾವಣೆ ಲೈಸೆನ್ಸು. ಒಂದು ಏಕೀಕೃತ ಲೈಸೆನ್ಸ್ ಇದ್ದರೆ ಬೇರೆ ಊರಿನ ವರ್ತಕನೂ ನಮ್ಮ ಮಾರುಕಟ್ಟೆಯಲ್ಲಿ ದರ ಹಾಕಬಹುದು. ಬೆಲೆ ಏರಬೇಕಾದ್ದು ಈ ಎರಡು ದಾರಿಯಲ್ಲಿ: ಅದೇ ನಾಲ್ಕು ಜನ ಒಳಗೊಳಗೇ ಮಾತಾಡ್ಕೊಳ್ಳೋದು ಕಷ್ಟ ಆಗ್ಬೇಕು, ಮತ್ತು ಐದನೆಯವನು ಬರ್ಬೇಕು.

ಆದ್ರೆ ಬೆಲೆ ಏರಿದ್ದು ಇದರಿಂದಲೇ ಅಂತ ಹೇಗೆ ಗೊತ್ತು? 2014ಕ್ಕೂ 2019ಕ್ಕೂ ನಡುವೆ ಎಲ್ಲದರ ರೇಟೂ ಏರಿದೆಯಲ್ಲ. ಇದಕ್ಕೆ ಬಳಸೋ ವಿಧಾನದ ಹೆಸರು ಡಿಫರೆನ್ಸ್-ಇನ್-ಡಿಫರೆನ್ಸಸ್, ವ್ಯತ್ಯಾಸಗಳ ವ್ಯತ್ಯಾಸ. ಹೆಸರು ಕೇಳಿ ಹೆದರ್ಬೇಡಿ, ಎರಡು ಕಳೆಯುವ ಲೆಕ್ಕ ಅಷ್ಟೆ. ನಾನೇ ಹುಟ್ಟಿಸಿದ ಅಂಕಿ ತಗೊಳ್ಳಿ. ನಮ್ಮ ಮಾರುಕಟ್ಟೆಯಲ್ಲಿ ಮೆಕ್ಕೆಜೋಳ ಕ್ವಿಂಟಲಿಗೆ 1300 ಇದ್ದದ್ದು 1500 ಆಯ್ತು, 200 ಏರಿತು. ಆನ್‌ಲೈನ್ ಟೆಂಡರ್ ಬರದ ಇನ್ನೊಂದು ಮಾರುಕಟ್ಟೆಯಲ್ಲಿ ಅದೇ ಕಾಲದಲ್ಲಿ 1250 ಇದ್ದದ್ದು 1400 ಆಯ್ತು, 150 ಏರಿತು. ಆ 150 ಮಳೆ, ಕೋಳಿ ಫಾರಂ, ಹಣದುಬ್ಬರ ಎಲ್ಲದರ ಪಾಲು. ನಮ್ಮಲ್ಲೂ ಅಷ್ಟು ಹೇಗೂ ಏರ್ತಿತ್ತು, ಅಂದ್ರೆ 1450 ಆಗ್ತಿತ್ತು. ಮಿಕ್ಕ 50 ಮಾತ್ರ ಟೆಂಡರಿನದು. 1450ಕ್ಕೆ 50 ಅಂದ್ರೆ ಸುಮಾರು ಮೂರೂವರೆ ಪರ್ಸೆಂಟ್. ನಿಜವಾದ ಲೆಕ್ಕದಲ್ಲಿ ಇಂಥ ನೂರಾರು ಸಾಲು ಇರ್ತವೆ, ಆದರೆ ತಿರುಳು ಇದೇ.

ಇದು ಕೆಡೋದು ಒಂದು ಜಾಗದಲ್ಲಿ. "ನಮ್ಮಲ್ಲೂ ಅಷ್ಟೇ ಏರ್ತಿತ್ತು" ಅನ್ನೋದು ಊಹೆ. ಅದೇ ವರ್ಷ ನಮ್ಮ ಪಕ್ಕದಲ್ಲೇ ಒಂದು ಸ್ಟಾರ್ಚ್ ಫ್ಯಾಕ್ಟರಿ ಶುರುವಾಗಿದ್ದರೆ ಆ 50ರಲ್ಲಿ ಅದರ ಪಾಲೂ ಸೇರಿಕೊಂಡಿರುತ್ತೆ. 2018ರಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲು ಕಾಣಿಸಿಕೊಂಡಿದ್ದು ನಮ್ಮ ಪಕ್ಕದ ಶಿವಮೊಗ್ಗದಲ್ಲಿ, ಅದೂ ಮೆಕ್ಕೆಜೋಳದಲ್ಲಿ. ಅಂಥದ್ದು ಒಂದು ಕಡೆ ಮೊದಲು ಬಿದ್ದು ಇನ್ನೊಂದು ಕಡೆ ತಡವಾಗಿ ಬಿದ್ದರೂ ಲೆಕ್ಕ ವಾಲುತ್ತೆ. ಇದನ್ನ ಪರೀಕ್ಷೆ ಮಾಡೋಕೆ ಒಂದು ದಾರಿ ಇದೆ. ಟೆಂಡರ್ ಬರೋದಕ್ಕಿಂತ ಮುಂಚಿನ ವರ್ಷಗಳಲ್ಲಿ ಎರಡೂ ಕಡೆಯ ಬೆಲೆ ಜೋಡೆತ್ತಿನ ಹಾಗೆ ಒಟ್ಟಿಗೆ ಏರಿ ಒಟ್ಟಿಗೆ ಇಳೀತಿತ್ತಾ ಅಂತ ಗ್ರಾಫ್ ಹಾಕಿ ನೋಡೋದು. ಮುಂಚೆಯೇ ಒಂದೊಂದು ಒಂದೊಂದು ದಿಕ್ಕಿಗೆ ಹೋಗ್ತಿದ್ದರೆ ಆಮೇಲಿನ ಕಳೆಯುವ ಲೆಕ್ಕಕ್ಕೆ ಅರ್ಥ ಇಲ್ಲ. ಹಾಗಾಗಿ ಮೊದಲನೇ ಪ್ರಶ್ನೆ: ದಾವಣಗೆರೆ ಮೆಕ್ಕೆಜೋಳದ ಬೆಲೆಯನ್ನ ಹೋಲಿಸೋಕೆ ನೀವು ಯಾವ ಊರಿನ ಮಾರುಕಟ್ಟೆ ಆರಿಸ್ತೀರಿ, ಯಾಕೆ? ಇದನ್ನ ವರ್ತಕರಿಗಿಂತ ಚೆನ್ನಾಗಿ ಲಾರಿ ಡ್ರೈವರುಗಳು ಹೇಳ್ತಾರೆ ಅಂತ ನನ್ನ ಅನುಮಾನ, ಒಬ್ಬರನ್ನ ಕರ್ಕೊಂಡು ಬನ್ನಿ.

ಈಗ ಆ ದೊಡ್ಡ ಅಂಕಿಗೆ ಬರೋಣ. ಮೂರೂವರೆ ಪರ್ಸೆಂಟ್ ಬೆಲೆ ಏರಿದರೆ ಲಾಭ 159ರ ತನಕ ಹೇಗೆ ಹೋಗುತ್ತೆ? ಮೋಸ ಏನಿಲ್ಲ. ಕ್ವಿಂಟಲಿಗೆ 2000 ರೂಪಾಯಿ ಅಂತ ಇಟ್ಕೊಳ್ಳಿ. ಖರ್ಚೆಲ್ಲ ಕಳೆದು 4 ಪರ್ಸೆಂಟ್ ಉಳಿದರೆ ಲಾಭ 80 ರೂಪಾಯಿ. ಬೆಲೆ 3.5 ಪರ್ಸೆಂಟ್ ಅಂದ್ರೆ 70 ರೂಪಾಯಿ ಏರಿತು, ಖರ್ಚು ಏರಲಿಲ್ಲ. ಲಾಭ 150 ಆಯ್ತು, ಅಂದ್ರೆ 87.5 ಪರ್ಸೆಂಟ್ ಹೆಚ್ಚಳ. 9 ಪರ್ಸೆಂಟ್ ಉಳಿಯೋನಿಗೆ 180 ಇದ್ದದ್ದು 250 ಆಗುತ್ತೆ, ಅವನ ಹೆಚ್ಚಳ 39 ಪರ್ಸೆಂಟ್ ಮಾತ್ರ. ಇಬ್ಬರಿಗೂ ಸಿಕ್ಕಿದ್ದು ಅದೇ 70 ರೂಪಾಯಿ! ಮೊದಲು ಕಮ್ಮಿ ಇದ್ದವನ ಪರ್ಸೆಂಟೇಜ್ ದೊಡ್ಡದಾಗಿ ಕಾಣುತ್ತೆ ಅಷ್ಟೆ. ಎಕರೆಗೆ ಇಪ್ಪತ್ತು ಕ್ವಿಂಟಲ್ ಅಂದ್ರೆ 1400 ರೂಪಾಯಿ. ಅದು ಸುಳ್ಳಲ್ಲ, ಸಣ್ಣದೂ ಅಲ್ಲ, ಆದರೆ "159 ಪರ್ಸೆಂಟ್" ಅಂದಾಗ ಕಣ್ಣ ಮುಂದೆ ಬರೋ ದುಡ್ಡೂ ಅಲ್ಲ.

ಇನ್ನೊಂದು ಸೂಕ್ಷ್ಮ. ಬೆಲೆ ಏರಿಕೆ ಮಾರುಕಟ್ಟೆ ದಾಖಲೆಯಿಂದ ಬಂದದ್ದು. ಲಾಭದ ಏರಿಕೆ, ಲಾಭದ ಅಂಚು "ಇಷ್ಟಿರುವುದರಿಂದ" ಅಂತ ಹಿಡಿದು ಲೆಕ್ಕ ಹಾಕಿದ್ದು. ಅದೂ ಮಾದರಿ ಬೆಲೆಯ ಮೇಲೆ. ಎಪಿಎಂಸಿ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ಅಂಕಣ ಇರುತ್ತಲ್ಲ, ಆ ಮಾದರಿ. ಅವತ್ತು ಹೆಚ್ಚಿನ ಮಾಲು ಯಾವ ದರಕ್ಕೆ ಹೋಯ್ತೋ ಅದು. ಸಾಗಾಣಿಕೆ, ಹಮಾಲಿ ಎಲ್ಲ ಕಳೆದು ಜೇಬಿಗೆ ಬಂದಿದ್ದೆಷ್ಟು ಅನ್ನೋದು ಅದರಲ್ಲಿಲ್ಲ. ಬಿತ್ತನೆಗೆ ಅಂತ ದಲಾಲಿ ಅಂಗಡಿಯಿಂದ ಮುಂಗಡ ತಂದವನು ಕಂಪ್ಯೂಟರ್ ತೋರಿಸಿದ ದರ ಬೇಡ ಅಂತ ಎದ್ದು ಬರೋಕೆ ಆಗುತ್ತಾ? ಹೊಲದ ಬದುವಿನಲ್ಲೇ ಲಾರಿಗೆ ತುಂಬಿಸಿ ಕಳಿಸಿದವನ ಮಾಲು ಆ ಪಟ್ಟಿಗೆ ಬರೋದೇ ಇಲ್ಲ. ಎರಡನೇ ಪ್ರಶ್ನೆ ಹಾಗಾಗಿ ಎಲ್ಲರ ಮನೆಗೆ ಸಂಬಂಧಿಸಿದ್ದು: ಕಳೆದ ಸುಗ್ಗಿಯಲ್ಲಿ ನಿಮ್ಮ ಮನೆಯ ಮಾಲು ಎಲ್ಲಿ ಮಾರಾಟವಾಯ್ತು, ಆ ದಿನದ ಮಾದರಿ ಬೆಲೆ ಎಷ್ಟಿತ್ತು, ಕೈಗೆ ಬಂದಿದ್ದೆಷ್ಟು? ಪಟ್ಟಿ ಚೀಟಿ ಇದ್ದರೆ ತನ್ನಿ. ನೆನಪಿನ ಲೆಕ್ಕ ಬೇಡ, ನೆನಪಲ್ಲಿ ಎಲ್ಲರಿಗೂ ಮೋಸವೇ ಆಗಿರುತ್ತೆ :)

ನಾಲ್ವರು ಲೇಖಕರಲ್ಲಿ ಮನೋಜ್ ರಾಜನ್ ಅವರು ಈ ವೇದಿಕೆ ನಡೆಸಿದ ಸಂಸ್ಥೆಯ ಮುಖ್ಯಸ್ಥರಾಗಿದ್ದವರು. ಇದನ್ನ ಗುಂಪಿನಲ್ಲಿ ಯಾರಾದರೂ ಎತ್ತೇ ಎತ್ತುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಡ್ತೀನಿ. ಒಳಗಿನವರಿಲ್ಲದೆ ಇಂಥ ಅಧ್ಯಯನಕ್ಕೆ ಬೇಕಾದಷ್ಟು ವಿವರವಾದ ಮಾಹಿತಿ ಸಿಗೋದು ಕಷ್ಟ. ಅದೇ ಸಾರಾಂಶದಲ್ಲಿ ಹತ್ತಿ, ಹೆಸರು, ತೊಗರಿಗೆ ಪರಿಣಾಮ ಕಾಣಲಿಲ್ಲ ಅಂತಲೂ ಬರೆದಿದ್ದಾರೆ. ನನಗೆ ನಂಬಿಕೆ ಹೆಚ್ಚಿಸಿದ್ದು ಆ ಸಾಲು. ಹಾಂ, "ಗಮನಾರ್ಹ ಪರಿಣಾಮ ಕಾಣಲಿಲ್ಲ" ಅಂದ್ರೆ ಪರಿಣಾಮ ಸೊನ್ನೆ ಅಂತಲ್ಲ. ಬೆಲೆಯ ದಿನನಿತ್ಯದ ಏರಿಳಿತದ ಗದ್ದಲದಲ್ಲಿ ಅದನ್ನ ಬೇರೆ ಮಾಡಿ ತೋರಿಸೋಕೆ ಆಗಲಿಲ್ಲ ಅಂತ.

ನನಗೆ ಹೆಚ್ಚು ಕಾಡಿದ್ದು ಗುಣಮಟ್ಟದ ಸಾಲು. ಮೆಕ್ಕೆಜೋಳದಲ್ಲಿ ಗುಣಮಟ್ಟ ಅಂದ್ರೆ ಮುಖ್ಯವಾಗಿ ತೇವಾಂಶ. 14ರ ಆಸುಪಾಸು ಇದ್ದರೆ ಒಣಗಿದ ಮಾಲು, 18-20 ಇದ್ದರೆ ಬೂಷ್ಟು ಹಿಡಿಯುತ್ತೆ ಅಂತ ದರ ಮುರೀತಾರೆ. ಕಣ್ಣಾರೆ ನೋಡದ ದೂರದ ವರ್ತಕ ಧೈರ್ಯವಾಗಿ ದರ ಹಾಕೋದು ಒಣಗಿದ, ಪರೀಕ್ಷೆಯಾದ ಲಾಟಿಗೆ. ಅಕ್ಟೋಬರ್ ನವೆಂಬರಲ್ಲಿ ಮೋಡ ಕಟ್ಟಿದಾಗ ಒಣಗಿಸೋಕೆ ಯಾರ ಹತ್ರ ಜಾಗ ಇರುತ್ತೆ ಹೇಳಿ? ಸಿಮೆಂಟ್ ಕಣ, ತಾಡಪಾಲು, ಗೋದಾಮು ಇದ್ದವರ ಹತ್ರ. ಉಳಿದವರು ಟಾರ್ ರೋಡಿನ ಅಂಚಲ್ಲಿ ಹರಡಿ ಆಕಾಶ ನೋಡ್ತಾ ಕೂರ್ತಾರೆ. ಆದ್ದರಿಂದ ಮೂರನೇ ಪ್ರಶ್ನೆ: ಈ ಮೂರೂವರೆ ಪರ್ಸೆಂಟಿನಲ್ಲಿ ಕಣ ಇದ್ದವನ ಪಾಲೆಷ್ಟು, ರೋಡಲ್ಲಿ ಒಣಗಿಸಿದವನ ಪಾಲೆಷ್ಟು? ಎಲ್ಲರಿಗೂ ಏರಿ ಕೆಲವರಿಗೆ ಹೆಚ್ಚು ಏರಿತಾ, ಅಥವಾ ಕೆಲವರಿಗೆ ಏರಿದ್ದೇ ಸರಾಸರಿಯಲ್ಲಿ ಎಲ್ಲರದ್ದಾಗಿ ಕಾಣ್ತಿದೆಯಾ? ಸಾರಾಂಶದಿಂದ ಇದು ತಿಳಿಯಲ್ಲ, ಪೂರ್ತಿ ಪ್ರಬಂಧದ ಕೋಷ್ಟಕ ನೋಡ್ಬೇಕು. ಪ್ರಿಂಟ್ ತೆಗೆದು ತರ್ತೀನಿ, ಯಾರಾದರೂ ಒಂದು ತೇವಾಂಶ ಮೀಟರ್ ತನ್ನಿ. ಮನೆಯಿಂದ ಒಂದೊಂದು ಹಿಡಿ ಜೋಳ ತಂದರೆ ಅಲ್ಲೇ ಅಳೆದು ನೋಡೋಣ.