ಕಿವಿಗೆ ಬಂದ ಗಂಟಲಿನ ನೋವು

ಕಿವಿನೋವು ಅಂತ ನನ್ನ ಹತ್ತಿರ ಬರುವ ದೊಡ್ಡವರಲ್ಲಿ ಸಾಕಷ್ಟು ಜನರ ಕಿವಿಗೆ ಏನೂ ಆಗಿರುವುದಿಲ್ಲ. ಬೆಳಕು ಬಿಟ್ಟು ನೋಡಿದರೆ ತಮಟೆ ತೊಳೆದಿಟ್ಟ ಹಾಗೆ ಹೊಳೆಯುತ್ತಿರುತ್ತದೆ. ಕೀವಿಲ್ಲ, ಊತವಿಲ್ಲ, ಗುಗ್ಗೆ ಕೂಡ ಇರಬೇಕಾದಷ್ಟೇ ಇದೆ. ‘ನಿಮ್ಮ ಕಿವಿ ಚೆನ್ನಾಗಿದೆ’ ಅಂದರೆ ಅವರಿಗೆ ಸಮಾಧಾನ ಆಗುವ ಬದಲು ಸಿಟ್ಟು ಬರುತ್ತದೆ. ರಾತ್ರಿಯೆಲ್ಲ ಕಿವಿ ಹಿಡಿದುಕೊಂಡು ಹೊರಳಾಡಿದವರಿಗೆ ‘ನಿನ್ನ ನೋವು ಸುಳ್ಳು’ ಅಂದ ಹಾಗೆ ಕೇಳಿಸುತ್ತದೆ. ನೋವು ನಿಜವೇ, ಆದರೆ ಅದು ಹೊರಟಿರುವ ಜಾಗ ಬೇರೆ. ಕಿವಿಯಷ್ಟು ಸುಲಭವಾಗಿ ಬೇರೆಯವರ ನೋವನ್ನು ತನ್ನದು ಅಂತ ಹೊತ್ತುಕೊಳ್ಳುವ ಅಂಗ ನಮ್ಮ ಮೈಯಲ್ಲಿ ಕಡಿಮೆ.

ನಮ್ಮ ಕಡೆಯ ಅಡಿಕೆ ತೋಟದ ಯಜಮಾನರೊಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಅರವತ್ತರ ಹತ್ತಿರದ ವಯಸ್ಸು. ಎರಡು ತಿಂಗಳಿಂದ ಬಲಗಿವಿ ನೋವು. ಬರುವಾಗ ಚೀಲದಲ್ಲಿ ಮೂರು ಬಗೆಯ ಕಿವಿಹನಿ ಬಾಟಲಿ ತಂದಿದ್ದರು; ಮೂರೂ ಅರ್ಧರ್ಧ ಖಾಲಿ. ಅದಕ್ಕೂ ಮುಂಚೆ ಮನೆಯಲ್ಲಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ಪ್ರಯೋಗವೂ ಆಗಿತ್ತು. (ಬೆಚ್ಚಗಿನ ಎಣ್ಣೆಗೆ ಸ್ವಲ್ಪ ಹೊತ್ತು ಹಿತ ಅನ್ನಿಸುವುದು ನಿಜ. ಬಿಸಿ ಹೆಚ್ಚಾಗಿ ಕಿವಿ ಸುಟ್ಟುಕೊಂಡು ಬಂದವರನ್ನು ನೋಡಿರುವುದರಿಂದ ನಾನು ಅದರ ಪರ ಇಲ್ಲ.)

‘ಡಾಕ್ಟ್ರೇ, ಕಿವಿ ಒಳಗೆ ಆಳದಲ್ಲಿ ಚುಚ್ಚಿದಂಗೆ ಆಗ್ತದೆ. ಹೊರಗೆ ಎಲ್ಲಿ ಮುಟ್ಟಿದ್ರೂ ನೋವಿಲ್ಲ’ ಅಂದರು.

ಈ ಮಾತೇ ಅರ್ಧ ಉತ್ತರ. ಕಿವಿಯ ಕೊಳವೆಯಲ್ಲಿ ಸೋಂಕಾಗಿದ್ದರೆ ಕಿವಿಹಾಲೆ ಎಳೆದರೆ, ಕಿವಿಯ ಬಾಗಿಲಲ್ಲಿರುವ ಪುಟ್ಟ ಮೃದ್ವಸ್ಥಿಯನ್ನು ಒತ್ತಿದರೆ ಮನುಷ್ಯ ಕೂಗಿಕೊಳ್ಳಬೇಕು. ಇವರದ್ದು ಎಳೆದೆ, ಒತ್ತಿದೆ, ಏನೂ ಇಲ್ಲ. ತಮಟೆಯ ಹಿಂದೆ ನೀರೋ ಕೀವೋ ತುಂಬಿದ್ದರೆ ಕಿವಿ ಕಟ್ಟಿದಂತಾಗಿ ಕೇಳಿಸುವುದು ಕಡಿಮೆಯಾಗಬೇಕು. ಶ್ರುತಿಕವಲು ಬಡಿದು ನೋಡಿದೆ, ಎರಡೂ ಕಿವಿ ಸಮ. ತಮಟೆ ಸ್ವಚ್ಛ.

‘ನುಂಗುವಾಗ ಏನಾದರೂ ತೊಂದರೆ ಇದೆಯಾ?’

‘ಹಂಗೇನಿಲ್ಲ’ ಅಂದರು ಅವರು. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಸುಮ್ಮನಿರಲಿಲ್ಲ. ‘ಹಂಗೇನಿಲ್ಲ ಅಂತಾರೆ. ಸಾರಿಗೆ ಖಾರ ಹೆಚ್ಚಾಯ್ತು ಅಂತ ದಿನಾ ಬೈತಾರೆ. ಬಲಗಡೆ ಗಂಟಲು ಉರೀತದೆ ಅಂತ ಎಡಗಡೆಗೇ ತುತ್ತು ತಳ್ಳಿ ತಳ್ಳಿ ಉಣ್ತಾರೆ, ನಾ ನೋಡಿಲ್ವಾ?’

ಗಂಟಲು ಬಲಗಡೆ, ಕಿವಿಯೂ ಬಲಗಡೆ. ಇಲ್ಲಿಗೆ ನನ್ನ ಕಣ್ಣು ಕಿವಿ ಬಿಟ್ಟು ಗಂಟಲಿಗೆ ಇಳಿಯಿತು.

ಯಾಕೆ ಹೀಗಾಗುತ್ತದೆ ಅನ್ನುವುದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಕಿವಿ ನೋಡಲು ಚಿಕ್ಕದಾದರೂ ಅದರ ನೋವನ್ನು ಮಿದುಳಿಗೆ ಮುಟ್ಟಿಸಲು ನಾಲ್ಕು ಮಿದುಳು ನರಗಳು ಮತ್ತು ಕುತ್ತಿಗೆಯ ಮೇಲ್ಭಾಗದ ನರಗಳು ಸೇರಿವೆ. ಇವು ಯಾವುವೂ ಕಿವಿಗಾಗಿಯೇ ಇರುವ ನರಗಳಲ್ಲ. ಬೇರೆ ಕಡೆ ದೊಡ್ಡ ಕೆಲಸ ಇಟ್ಟುಕೊಂಡು, ಹೋಗುವ ದಾರಿಯಲ್ಲಿ ಕಿವಿಗೊಂದು ಸಣ್ಣ ಕವಲು ಕೊಟ್ಟಿರುತ್ತವೆ. ನಮ್ಮ ಕಥೆಗೆ ಬೇಕಾದದ್ದು ಒಂಬತ್ತನೆಯ ಮತ್ತು ಹತ್ತನೆಯ ನರ. ಒಂಬತ್ತನೆಯದು ಟಾನ್ಸಿಲ್, ನಾಲಿಗೆಯ ಹಿಂಭಾಗ, ಗಂಟಲಿನ ಗೋಡೆ ಇವುಗಳ ನೋವನ್ನು ಹೊರುವ ನರ. ಅದರ ಒಂದು ಎಳೆ ತಲೆಬುರುಡೆಯ ಸಣ್ಣ ತೂತಿನಿಂದ ನುಸುಳಿ ತಮಟೆಯ ಹಿಂದಿನ ನಡುಗಿವಿಗೆ ಹೋಗುತ್ತದೆ. ಇದನ್ನು ವರ್ಣಿಸಿದ ಡೆನ್ಮಾರ್ಕಿನ ಜಾಕೊಬ್ಸನ್ ಹೆಸರನ್ನೇ ಇದಕ್ಕಿಟ್ಟಿದ್ದಾರೆ. ಹತ್ತನೆಯ ನರ ಇನ್ನೂ ಕೆಳಗೆ, ಧ್ವನಿಪೆಟ್ಟಿಗೆಯ ಸುತ್ತಮುತ್ತ ನೋಡಿಕೊಳ್ಳುತ್ತದೆ. ಅದರದ್ದೂ ಒಂದು ಕವಲು ಕಿವಿಯ ಕೊಳವೆಗೆ ಬರುತ್ತದೆ. ಕಿವಿಗೆ ಕಡ್ಡಿ ಹಾಕಿದ ಕೂಡಲೇ ಕೆಲವರಿಗೆ ಕೆಮ್ಮು ಬರುತ್ತದಲ್ಲ, ಅದು ಈ ಕವಲಿನದೇ ಕೆಲಸ. ಮುಟ್ಟಿದ್ದು ಕಿವಿ, ಕೆರೆದಂತಾದದ್ದು ಗಂಟಲು. ಕಿವಿಗೆ ಬರುವ ಗಂಟಲುನೋವು ಇದೇ ದಾರಿಯ ತಿರುವುಮುರುವು.

ಈ ನರಗಳ ನೋವಿನ ಎಳೆಗಳೆಲ್ಲ ಮಿದುಳಿನ ಬುಡದಲ್ಲಿ ಒಂದೇ ಕಡೆ ಬಂದು ಸೇರುತ್ತವೆ. ಹಿಂದೆ ನಮ್ಮೂರಿಗೂ ಆಚೆ ಹಳ್ಳಿಗೂ ಸೇರಿ ಒಂದೇ ಟಪಾಲು ಚೀಲ ಬರುತ್ತಿತ್ತು. ವಿಳಾಸ ಅಳಿಸಿಹೋದ ಕಾಗದವನ್ನು ಪೋಸ್ಟ್‌ಮ್ಯಾನ್ ಅಂದಾಜಿನ ಮೇಲೆ ಯಾರದೋ ಮನೆಗೆ ಹಾಕಿ ಹೋಗುತ್ತಿದ್ದ. ಮಿದುಳೂ ಹಾಗೆಯೇ. ಗಂಟಲಿನ ಆಳದಿಂದ ಬಂದ ಸುದ್ದಿ, ಕಿವಿಯಿಂದ ಬಂದ ಸುದ್ದಿ ಎರಡೂ ಒಂದೇ ಚೀಲದಲ್ಲಿ ಬಿದ್ದಾಗ ಅದು ಕೆಲವು ಸಲ ಕಿವಿಯ ಮನೆಗೆ ಹಾಕಿಬಿಡುತ್ತದೆ. ಬಲಗಡೆಯ ನರ ಬಲಗಡೆಯದನ್ನೇ ಹೊರುವುದರಿಂದ ಗಂಟಲಿನ ಯಾವ ಪಕ್ಕ ಕೆಟ್ಟಿದೆಯೋ ಅದೇ ಪಕ್ಕದ ಕಿವಿ ನೋಯುತ್ತದೆ.

ಟಾನ್ಸಿಲ್ ತೆಗೆಸಿಕೊಂಡ ಮಕ್ಕಳ ತಾಯಂದಿರಿಗೆ ಇದು ಚೆನ್ನಾಗಿ ಗೊತ್ತು. ಆಪರೇಷನ್ ಆಗಿ ನಾಲ್ಕೈದು ದಿನಕ್ಕೆ ಫೋನ್ ಬರುತ್ತದೆ: ‘ಗಂಟಲು ಆಪರೇಷನ್ ಮಾಡಿ ಕಿವಿಗೇನು ಮಾಡಿದ್ರಿ?’ ಗಾಯ ಮಾಗುವಾಗ ಒಂಬತ್ತನೆಯ ನರ ಕೆರಳಿ ನೋವನ್ನು ಕಿವಿಗೆ ಕಳಿಸುತ್ತಿರುತ್ತದೆ. ಗಂಟಲು ಮಾಗಿದ ಹಾಗೆ ಅದೂ ಹೋಗುತ್ತದೆ. ಈಗ ಮಗುವನ್ನು ಮನೆಗೆ ಕಳಿಸುವಾಗಲೇ ಇದನ್ನು ಹೇಳಿ ಕಳಿಸುತ್ತೇನೆ, ಫೋನ್ ಅರ್ಧಕ್ಕರ್ಧ ಕಡಿಮೆಯಾಗಿದೆ.

ಒಂದು ಗೊಂದಲ ಬೇಡ. ನೆಗಡಿಯಾದಾಗ ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ನಾಳ ಮುಚ್ಚಿಕೊಂಡೂ ಕಿವಿನೋವು ಬರುತ್ತದೆ. ಅದು ನಿಜವಾಗಿ ಕಿವಿಯದೇ ತೊಂದರೆ. ಕಿವಿ ದಪ್ಪಗಾಗುತ್ತದೆ, ತಮಟೆ ಒಳಕ್ಕೆ ಎಳೆದುಕೊಂಡೋ ಕೆಂಪಾಗಿಯೋ ಕಾಣುತ್ತದೆ. ನಾನು ಹೇಳುತ್ತಿರುವುದು ಕಿವಿ ಸಂಪೂರ್ಣ ಚೆನ್ನಾಗಿದ್ದೂ ನೋಯುವ ಸಂಗತಿ.

ಯಜಮಾನರ ಬಾಯಿ ತೆಗೆಸಿದೆ. ಹಲ್ಲು ಕವಳದ ಬಣ್ಣ. ಮೂವತ್ತು ವರ್ಷದಿಂದ ಹೊಗೆಸೊಪ್ಪು ಹಾಕಿದ ಕವಳ. ದವಡೆ ಹಲ್ಲುಗಳನ್ನು ಒಂದೊಂದಾಗಿ ತಟ್ಟಿ ನೋಡಿದೆ, ನೋವಿಲ್ಲ. ದವಡೆಯ ಕೀಲು ಸರಿ. ಟಾನ್ಸಿಲ್ ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ. ಬರೀ ಬಾಯಿ ತೆಗೆಸಿ ಟಾರ್ಚ್ ಹಿಡಿದು ನೋಡಿದರೆ ಕೆಂಪು ಕೂಡ ಇಲ್ಲ. ಇಲ್ಲಿಗೇ ನಿಲ್ಲಿಸಿದರೆ ‘ಗಂಟಲೂ ಚೆನ್ನಾಗಿದೆ’ ಅಂತ ನಾಲ್ಕನೆಯ ಬಾಟಲಿ ಬರೆಯಬೇಕಾಗುತ್ತಿತ್ತು. ಬಾಯಿ ತೆಗೆದಾಗ ಕಾಣುವುದು ನಾಲಿಗೆಯ ಮುಂದಿನ ಭಾಗ. ಅದರ ಬುಡ ಇಳಿಜಾರಿನಂತೆ ಕೆಳಗೆ ಹೋಗಿರುತ್ತದೆ, ಅದು ಕಣ್ಣಿಗೆ ಬೀಳುವುದಿಲ್ಲ.

ಬೆರಳು ಹಾಕಿ ನೋಡಬೇಕಿತ್ತು. ವಾಕರಿಕೆ ಬರದಿರಲಿ ಅಂತ ಗಂಟಲಿಗೆ ಮರಗಟ್ಟಿಸುವ ಲಿಗ್ನೋಕೇನ್ ಸ್ಪ್ರೇ ಹೊಡೆದೆ. ಎರಡು ಮೂರು ನಿಮಿಷಕ್ಕೆ ಅವರು ಕಿವಿ ಮುಟ್ಟಿಕೊಂಡರು. ‘ಇದೇನಿದು, ಕಿವಿನೋವು ಕಮ್ಮಿ ಆತು!’ ಪ್ರತಿಯೊಬ್ಬರಲ್ಲೂ ಹೀಗಾಗುವುದಿಲ್ಲ. ಆದರೆ ಆದಾಗ, ನೋವು ಹೊರಟ ಜಾಗ ಯಾವುದು ಅಂತ ರೋಗಿಗೇ ಗೊತ್ತಾಗಿಬಿಡುತ್ತದೆ, ನಾನು ಹೆಚ್ಚು ವಿವರಿಸಬೇಕಾಗುವುದಿಲ್ಲ.

ನಾಲಿಗೆಯ ಬುಡದ ಬಲಭಾಗ ಬೆರಳಿಗೆ ಗಟ್ಟಿಯಾಗಿ ತಾಗಿತು. ಎಡಭಾಗ ಮೆತ್ತಗಿತ್ತು. ಕುತ್ತಿಗೆಯ ಬಲಗಡೆ, ದವಡೆಯ ಕೋನದ ಕೆಳಗೆ ಸಣ್ಣ ಅಡಿಕೆಯಷ್ಟು ಗಂಟು, ಒತ್ತಿದರೆ ನೋವಿಲ್ಲ. ನೋವಿಲ್ಲದ್ದು ಒಳ್ಳೆಯದು ಅಂತ ಅವರು ಅದನ್ನು ಯಾರಿಗೂ ಹೇಳಿರಲಿಲ್ಲ. ಬಾಲ್‌ಪೆನ್ ರೀಫಿಲ್ಲಿನಷ್ಟು ದಪ್ಪದ ಕ್ಯಾಮೆರಾ ಕೊಳವೆಯನ್ನು ಮೂಗಿನಿಂದ ಇಳಿಸಿ ನೋಡಿದಾಗ ಆ ಗಟ್ಟಿ ಜಾಗದ ಮೇಲೆ ಅಂಚು ಎದ್ದ ಹುಣ್ಣು ಕಂಡಿತು. ತುಣುಕು ತೆಗೆದು ಪರೀಕ್ಷೆಗೆ ಕಳಿಸಿದೆವು. ಕ್ಯಾನ್ಸರ್ ಅಂತಲೇ ಬಂತು.

ಇದನ್ನು ಓದಿ ಎಲ್ಲರೂ ಗಂಟಲು ಮುಟ್ಟಿಕೊಂಡು ಕೂರಬೇಡಿ. ಒಂದು ಪಕ್ಕದ ಗಂಟಲುನೋವು, ಅದೇ ಪಕ್ಕದ ಕಿವಿನೋವು ಅಂತ ಬರುವ ಹೆಚ್ಚಿನವರಿಗೆ ಟಾನ್ಸಿಲ್ ಸೋಂಕೋ, ಗಂಟಲಲ್ಲಿ ಸಣ್ಣ ಹುಣ್ಣೋ, ಹುಳುಕು ಹಲ್ಲೋ ಇರುತ್ತದೆ. ಸೋಂಕಾದರೆ ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ. ಇಳಿಯದೆ, ಜ್ವರದ ಜೊತೆ ಬಾಯಿ ತೆರೆಯಲಾಗದೆ, ಜೊಲ್ಲು ನುಂಗಲಾಗದೆ, ಬಿಸಿ ಮುದ್ದೆ ಬಾಯಲ್ಲಿಟ್ಟುಕೊಂಡು ಮಾತಾಡಿದ ಹಾಗೆ ದನಿ ಆದರೆ ಟಾನ್ಸಿಲ್ ಪಕ್ಕ ಕೀವು ಕಟ್ಟಿದೆ ಅಂತ ಅರ್ಥ. ಕಿರುನಾಲಿಗೆ ಆಚೆ ಪಕ್ಕಕ್ಕೆ ತಳ್ಳಲ್ಪಟ್ಟಿರುತ್ತದೆ. ಅದಕ್ಕೆ ಬೆಳಗಾಗುವವರೆಗೂ ಕಾಯಬಾರದು. ಕೀವು ತೆಗೆದ ಕೆಲವೇ ಹೊತ್ತಿಗೆ ಗಂಟಲು, ಕಿವಿ ಎರಡೂ ಹಗುರವಾಗುತ್ತವೆ.

ನಾನು ಹೆದರುವುದು ಇಷ್ಟು ಗಲಾಟೆ ಮಾಡದ ನೋವಿಗೆ. ಜ್ವರವಿಲ್ಲ, ಒಂದೇ ಪಕ್ಕ, ಮೂರು ವಾರ ಕಳೆದರೂ ಹೋಗಿಲ್ಲ, ಕಿವಿ ನೋಡಿದರೆ ಚೆನ್ನಾಗಿದೆ. ಇಂಥವರಿಗೆ ಗಂಟಲಿನ ಕೆಳಭಾಗವನ್ನು ಕೊಳವೆ ಹಾಕಿ ನೋಡಲೇಬೇಕು. ಅದಕ್ಕೆ ಐದು ನಿಮಿಷ ಸಾಕು. ನುಂಗಲು ಕಷ್ಟ, ದನಿ ಬದಲಾದದ್ದು, ಕುತ್ತಿಗೆಯಲ್ಲಿ ಗಂಟು, ಉಗುಳಿನಲ್ಲಿ ರಕ್ತ ಇವುಗಳಲ್ಲಿ ಒಂದು ಸೇರಿದರೂ ಮೂರು ವಾರ ಎಣಿಸುವ ಅಗತ್ಯವಿಲ್ಲ. ಕವಳ, ಬೀಡಿ ಮುಟ್ಟದವರಲ್ಲೂ ಈ ರೋಗ ನೋಡಿದ್ದೇನೆ, ಹಾಗಾಗಿ ‘ನನಗೆ ಅಭ್ಯಾಸ ಇಲ್ಲ’ ಅನ್ನುವುದು ಪರೀಕ್ಷೆ ಬೇಡ ಅನ್ನಲು ಕಾರಣವಾಗುವುದಿಲ್ಲ.

ಯಜಮಾನರಿಗೆ ಏಳು ವಾರ, ವಾರಕ್ಕೆ ಐದು ದಿನದಂತೆ 35 ಸಲ ವಿಕಿರಣ, ಜೊತೆಗೆ ಕಿಮೋ. ದೂರದ ಊರಲ್ಲಿ ಬಾಡಿಗೆ ಕೋಣೆ ಹಿಡಿದು ಗಂಡ ಹೆಂಡತಿ ಇಬ್ಬರೂ ಇದ್ದರು. ನಾಲ್ಕನೆಯ ವಾರ ಗಂಟಲು ಬೆಂದು ಗಂಜಿಯೂ ಇಳಿಯದ ಹೊತ್ತಿನಲ್ಲಿ ಆಕೆ ಫೋನ್ ಮಾಡಿದ್ದರು. ‘ಊಟ ಪೂರ್ತಿ ನಿಂತಿದೆ, ಮೂಗಲ್ಲಿ ನಳಿಕೆ ಹಾಕಿದಾರೆ. ಆದ್ರೆ ಆ ಹಳೆ ಚುಚ್ಚೋ ಕಿವಿನೋವು ಮಾತ್ರ ಈಗ ಇಲ್ಲವಂತೆ.’ ಗಡ್ಡೆ ಕರಗಲು ಶುರುವಾಗಿದೆ ಅಂತ ಆ ಮಾತಿನಿಂದ ನಾನು ಅಂದುಕೊಂಡೆ. ಆಮೇಲಿನ ಸ್ಕ್ಯಾನ್ ಕೂಡ ಅದನ್ನೇ ಹೇಳಿತು.

ಮೂರು ವರ್ಷವಾಯಿತು. ಬಾಯಿ ಒಣಗುತ್ತದೆ, ಅನ್ನಕ್ಕೆ ಮಜ್ಜಿಗೆ ಜಾಸ್ತಿ ಬೇಕು, ಕವಳ ಬಿಟ್ಟಿದ್ದಾರೆ. ತೋಟದಲ್ಲಿ ಅಡಿಕೆ ಹಾಗೇ ಇದೆ. ನಿಗದಿ ಮಾಡಿದ ತಾರೀಖಿಗೆ ತಪ್ಪದೆ ಬಂದು ಕೊಳವೆ ಹಾಕಿಸಿಕೊಂಡು ಹೋಗುತ್ತಾರೆ. ಕಳೆದ ಸಲ ಬರುವಾಗ ಪಕ್ಕದ ತೋಟದವರನ್ನೂ ಎಳೆದು ತಂದಿದ್ದರು. ‘ಇವಂಗೂ ಕಿವಿನೋವು. ಕಿವಿ ಆಮೇಲೆ ನೋಡಿ, ಮೊದ್ಲು ಗಂಟಲು ನೋಡಿ’ ಅಂತ ನನಗೇ ಹೇಳಿಕೊಟ್ಟರು. ಎರಡೂ ನೋಡಿದೆ. ಗಂಟಲು ಸ್ವಚ್ಛವಾಗಿತ್ತು. ನೋವು ಕೆಳದವಡೆಯ ಕೊನೆಯ ಹಲ್ಲಿನದು, ತಟ್ಟಿದ ಕೂಡಲೇ ಕುರ್ಚಿಯಿಂದ ಎದ್ದೇಬಿಟ್ಟರು. ಅದು ಐದನೆಯ ನರದ ದಾರಿ. ಹಲ್ಲಿನ ಡಾಕ್ಟರಿಗೆ ಚೀಟಿ ಬರೆದುಕೊಟ್ಟೆ.