ತಂತಿ ಕಳಚಿದೆಯೇ?

ಕೆಪಾಸಿಟರ್ ಲೆಕ್ಕ ಬಂದರೆ ಸೂತ್ರಕ್ಕಿಂತ ಮೊದಲು ನಾನು ನೋಡುವುದು ಒಂದನ್ನೇ: ಬ್ಯಾಟರಿಯ ತಂತಿ ಕಳಚಿದೆಯೇ, ಇಲ್ಲವೇ?

100 ಪಿಕೊಫ್ಯಾರಡ್ ಕೆಪಾಸಿಟರನ್ನು 12 ವೋಲ್ಟ್‌ಗೆ ಚಾರ್ಜ್ ಮಾಡಿ ತಂತಿ ಕಳಚಿದೆವು ಎನ್ನಿ. ಫಲಕಗಳ ಮೇಲಿನ 1200 ಪಿಕೊಕೂಲಂ ಚಾರ್ಜ್‌ಗೆ ಈಗ ಎಲ್ಲಿಗೂ ದಾರಿಯಿಲ್ಲ. ಡೈಎಲೆಕ್ಟ್ರಿಕ್ ಸ್ಥಿರಾಂಕ 3 ಇರುವ ಹಾಳೆಯನ್ನು ನಡುವೆ ಪೂರ್ತಿ ತೂರಿಸಿದರೆ, ಅದು ಧ್ರುವೀಕರಣಗೊಂಡು ಧನ ಫಲಕದ ಕಡೆ ಋಣ, ಋಣ ಫಲಕದ ಕಡೆ ಧನ ಚಾರ್ಜ್ ತೋರುತ್ತದೆ. ಇದರಿಂದ ಒಳಗಿನ ವಿದ್ಯುತ್ ಕ್ಷೇತ್ರ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಫಲಕಗಳ ಅಂತರ ಬದಲಾಗದ ಕಾರಣ ವೋಲ್ಟೇಜ್ ಕೂಡ 4ಕ್ಕೆ ಇಳಿಯುತ್ತದೆ.

ತಂತಿ ಕಳಚದಿದ್ದರೂ ಹಾಳೆ ಕ್ಷೇತ್ರವನ್ನು ತಗ್ಗಿಸಲು ಹೊರಡುತ್ತದೆ. ಆದರೆ ವೋಲ್ಟೇಜ್ ಇಳಿಯತೊಡಗಿದೊಡನೆ ಬ್ಯಾಟರಿ ಇನ್ನಷ್ಟು ಚಾರ್ಜ್ ಕಳಿಸುತ್ತದೆ. ಒಟ್ಟು 3600 ಪಿಕೊಕೂಲಂ ಆದಾಗ ಹರಿವು ನಿಲ್ಲುತ್ತದೆ. ವೋಲ್ಟೇಜ್ 12ರಲ್ಲೇ ಉಳಿಯುತ್ತದೆ.

ಎರಡೂ ಕಡೆ ಧಾರಕತೆ 300 ಪಿಕೊಫ್ಯಾರಡ್ಡೇ. ಚಾರ್ಜ್‌ಗೆ ದಾರಿ ಇದೆಯೇ ಎಂಬುದೊಂದೇ ವ್ಯತ್ಯಾಸ.